ತಪ್ಪಿದ ಪದದ ಜಾಗಕ್ಕೆ ಬೇರೆ ಟೇಕ್‌ನ ಪದ ಹಾಕಿದೆ, ಆದರೆ ತೇಪೆ ಗೊತ್ತಾಗುತ್ತಿದೆ. ಯಾವ ನಾಯ್ಸ್ ರಿಡಕ್ಷನ್ ಬಳಸಲಿ?

ಈಗಲೇ ಯಾವುದನ್ನೂ ಬಳಸಬೇಡಿ. ನಾನೂ ಇದೇ ದಾರಿ ಹಿಡಿದು ಒಂದು ದೃಶ್ಯವನ್ನೇ ಕಳೆದುಕೊಂಡೆ.

ಅದೊಂದು ಆಡಿಯೊ ನಾಟಕ. "ಅವನು ಕತ್ತಲಲ್ಲಿ ಕೂತಿದ್ದ" ಅನ್ನುವ ಸಾಲು. ನಟ 'ಕತ್ತಲಲ್ಲಿ' ಅನ್ನುವಾಗ ತೊದಲಿದ್ದರು. ಇನ್ನೊಂದು ಟೇಕ್‌ನಲ್ಲಿ ಪದ ಸರಿಯಾಗಿತ್ತು, ಆದರೆ ಅಷ್ಟರಲ್ಲಿ ಎಸಿ ನಿಂತು ಹಿನ್ನೆಲೆಯ ಗುಂಯ್ ಸದ್ದು ತಗ್ಗಿತ್ತು. ನಾನು ಎರಡೂ ಟೇಕ್‌ಗೆ ನಾಯ್ಸ್ ರಿಡಕ್ಷನ್ ಹಾಕಿ, ಮೂಲ ಫೈಲ್ ಮೇಲೆಯೇ ಸೇವ್ ಮಾಡಿ, ಆಮೇಲೆ ಕತ್ತರಿಸಿದೆ.

ಕೆಟ್ಟಿದ್ದೇ ಅಲ್ಲಿ. ಪದಗಳ ನಡುವೆ ಇರುವ ಗುಂಯ್ ಸುಲಭವಾಗಿ ಹೋಗುತ್ತದೆ. ಮಾತಿನ ಅಡಿಯಲ್ಲಿರುವುದು ಪೂರ್ತಿ ಹೋಗುವುದಿಲ್ಲ, ತೆಗೆಯಲು ಹೋದರೆ ದನಿಯೂ ಸವೆಯುತ್ತದೆ. ಹಾಗಾಗಿ ಪ್ರತಿ ಪದದ ಜೊತೆ ಸದ್ದು ಏಳುತ್ತದೆ, ಪದ ಮುಗಿದ ಕೂಡಲೇ ಬೀಳುತ್ತದೆ. ಬೇರೆ ಟೇಕ್‌ನ ಪದದಲ್ಲಿ ಆ ಏರಿಳಿತವೇ ಬೇರೆ. ಮುಚ್ಚೋಣ ಅಂದರೆ ರೂಮ್ ಟೋನ್, ಅಂದರೆ ಮಾತಿಲ್ಲದಾಗಿನ ಕೋಣೆಯ ಸದ್ದು ಕೂಡ ಕೆಲಸಕ್ಕೆ ಬರಲಿಲ್ಲ, ಯಾಕೆಂದರೆ ಮಾತಿನ ಅಡಿಯಲ್ಲಿ ಉಳಿದಿದ್ದ ಗುಂಯ್ ಅದಕ್ಕೆ ಹೊಂದುತ್ತಲೇ ಇರಲಿಲ್ಲ. ಮೂಲ ಫೈಲ್ ಇಲ್ಲ. ನಟರನ್ನು ಮತ್ತೆ ಕರೆಸಿದರೆ ಅವರ ದನಿ ಆ ದಿನದ್ದಲ್ಲ. ಕೊನೆಗೆ ನನ್ನ ಖರ್ಚಿನಲ್ಲಿ ಇಡೀ ದೃಶ್ಯ ಮತ್ತೆ ರೆಕಾರ್ಡ್ ಆಯಿತು.

ನಿಮ್ಮ ಹತ್ತಿರ ಮೂಲ ಫೈಲ್ ಇದೆ ಅಲ್ವಾ? ಅದರಲ್ಲೇ ಮಾಡಿ. 'ಕ', 'ತ', 'ಪ' ಹೇಳುವ ಮುಂಚೆ ನಾಲಿಗೆ ಅಥವಾ ತುಟಿ ದಾರಿ ಮುಚ್ಚಿ ಗಾಳಿ ಕ್ಷಣ ನಿಲ್ಲುತ್ತದೆ. ಅಲ್ಲಿ ಬರೀ ಕೋಣೆಯ ಸದ್ದು ಇರುತ್ತದೆ, ಕತ್ತರಿಸಲು ಅದೇ ಜಾಗ. ನನ್ನ ಸಾಲಿನಲ್ಲಿ 'ಕತ್ತಲಲ್ಲಿ'ಯ 'ಕ'ಗೆ ಮುಂಚೆ ಒಂದು, 'ಕೂತಿದ್ದ'ದ 'ಕ'ಗೆ ಮುಂಚೆ ಇನ್ನೊಂದು. ಎರಡೂ ಕಡೆ ಒಂದು ಟೇಕ್ ಇಳಿಯುತ್ತಾ ಇನ್ನೊಂದು ಏರುವ ಸುಮಾರು 10 ಮಿಲಿಸೆಕೆಂಡ್ ಕ್ರಾಸ್‌ಫೇಡ್ ಸಾಕು. ಅದನ್ನು ಈಕ್ವಲ್ ಪವರ್‌ಗೆ ಇಡಿ. ಲೀನಿಯರ್ ಇಟ್ಟರೆ ಎರಡು ಬೇರೆ ಟೇಕ್‌ಗಳ ಗುಂಯ್ ಮಧ್ಯದಲ್ಲಿ 3 ಡಿಬಿ ಕುಸಿಯುತ್ತದೆ.

ಈಗ ತೇಪೆಯ ಅಡಿಗೆ, ಇನ್ನೊಂದು ಟ್ರ್ಯಾಕ್‌ನಲ್ಲಿ ಟೋನ್ ಹಾಸಿ. ಕೊನೆಯಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿದ ಟೋನ್‌ಗಿಂತ ಸುತ್ತಲಿನ ಸಾಲಿರುವ ಟೇಕ್‌ನ ವಿರಾಮದಿಂದಲೇ ತೆಗೆದದ್ದು ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಅದರಲ್ಲಿ ಉಸಿರು ಇರಬಾರದು ಅಷ್ಟೇ. ತೇಪೆಯ ಗುಂಯ್ 3 ಡಿಬಿ ಕಡಿಮೆ ಇದ್ದರೆ, ಟೋನನ್ನೂ ಅಷ್ಟೇ ತಗ್ಗಿಸಿ ಸೇರಿಸಿ. ಎರಡೂ ಕೂಡಿ ಸುತ್ತಲಿನ ಮಟ್ಟಕ್ಕೆ ಏರುತ್ತವೆ. ತೇಪೆಯೇ ಜಾಸ್ತಿ ಗುಂಯ್ ಅನ್ನುತ್ತಿದ್ದರೆ ಉಲ್ಟಾ ಮಾಡಿ: ತೇಪೆ ಬಿಟ್ಟು ಸಾಲಿನ ಉಳಿದ ಭಾಗದ ಅಡಿಗೆ ಟೋನ್ ಹಾಕಿ, ಮುಂಚಿನ ಸಾಲಿನಿಂದಲೇ ನಿಧಾನವಾಗಿ ಏರಿಸಿ. ಗುಂಯ್ ಮೆಲ್ಲಗೆ ಬದಲಾದರೆ ಕಿವಿ ಹಿಡಿಯುವುದಿಲ್ಲ, ತಟ್ಟನೆ ಬದಲಾದರೆ ಬಿಡುವುದಿಲ್ಲ.

ಮೈಕ್‌ನಿಂದ ಬಾಯಿಯ ದೂರವೇ ಬದಲಾಗಿದ್ದರೆ ಯಾವ ಟೋನೂ ಮುಚ್ಚುವುದಿಲ್ಲ. ಆಗ ಒಂದು ಪದಕ್ಕೆ ಸುಮ್ನೆ ಒದ್ದಾಡಬೇಡಿ, ಆ ಟೇಕ್‌ನ ಪೂರ್ತಿ ಸಾಲನ್ನೇ ತನ್ನಿ. ನಾಯ್ಸ್ ರಿಡಕ್ಷನ್ ಬೇಕೇ ಅನ್ನಿಸಿದರೆ ಎಲ್ಲ ಜೋಡಿಸಿದ ಮೇಲೆ, ಇಡೀ ದೃಶ್ಯಕ್ಕೆ ಒಟ್ಟಾಗಿ, ಒಂದು ಪ್ರತಿಯ ಮೇಲೆ ಹಾಕಿ.