ವಿಡಿಯೋ ವೈರಲ್ ಆಯಿತು, ನನ್ನ ಹೆಸರಲ್ಲಿ ಯಾರೋ ರಿಪ್ಲೈ ಮಾಡ್ತಿದ್ದಾರೆ

ಪ್ರಶ್ನೆ: ಸೈಕಲ್ ರಿಪೇರಿ ಬಗ್ಗೆ ಯೂಟ್ಯೂಬ್‌ನಲ್ಲಿ ಸಣ್ಣ ಚಾನೆಲ್ ನಡೆಸುತ್ತೇನೆ. ಬ್ರೇಕ್ ಸರಿಮಾಡುವ ಒಂದು ವಿಡಿಯೋ ಇದ್ದಕ್ಕಿದ್ದಂತೆ ಓಡಿಬಿಟ್ಟಿದೆ. ಕಾಮೆಂಟ್‌ಗಳು ಓದಿ ಮುಗಿಸಲು ಆಗದಷ್ಟು ಬರುತ್ತಿವೆ. ಅದಕ್ಕಿಂತ ದೊಡ್ಡ ತಲೆನೋವು ಎಂದರೆ, ನನ್ನದೇ ಫೋಟೋ ಹಾಕಿಕೊಂಡ ಯಾರೋ ‘ನೀವು ಬಹುಮಾನ ಗೆದ್ದಿದ್ದೀರಿ, ಟೆಲಿಗ್ರಾಮ್‌ಗೆ ಬನ್ನಿ’ ಎಂದು ವೀಕ್ಷಕರಿಗೆ ರಿಪ್ಲೈ ಮಾಡುತ್ತಿದ್ದಾರೆ. ಒಬ್ಬರು ‘ಡೆಲಿವರಿ ಚಾರ್ಜ್’ ಎಂದು ಹಣವನ್ನೂ ಕಳಿಸಿದ್ದಾರಂತೆ. ಕಾಮೆಂಟ್ ಪೂರ್ತಿ ಬಂದ್ ಮಾಡಿಬಿಡಲಾ ಸರ್?

ಉತ್ತರ: ಬಂದ್ ಮಾಡಬೇಡಿ. ಆಫ್ ಮಾಡಿದರೆ ಈಗಾಗಲೇ ಬಂದಿರುವ ಒಳ್ಳೆಯ ಕಾಮೆಂಟ್‌ಗಳೂ ಕಾಣದಂತಾಗುತ್ತವೆ. ನೀವು ಹಾಕುವ ಎಚ್ಚರಿಕೆಯನ್ನು ಓದಲೂ ಜಾಗ ಇರುವುದಿಲ್ಲ. ಅದರ ಬದಲು Pause ಎಂಬ ಆಯ್ಕೆ ಇದೆ. ಅದರಲ್ಲಿ ಹಳೆಯದು ಹಾಗೇ ಉಳಿಯುತ್ತದೆ, ಹೊಸದು ಮಾತ್ರ ಬರುವುದಿಲ್ಲ. ನೀವು ಮಲಗುವ ಹೊತ್ತಿಗೆ Pause ಮಾಡಿ, ಎದ್ದ ಮೇಲೆ ತೆರೆಯಿರಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ಒಂದು ವಿಡಿಯೋದ ವಿವರಗಳನ್ನು ತೆರೆದರೆ ಕೆಳಗೆ ಕಾಮೆಂಟ್‌ಗಳ ಸೆಟ್ಟಿಂಗ್ ಸಿಗುತ್ತದೆ. ಉಳಿದ ವಿಡಿಯೋಗಳನ್ನು ಮುಟ್ಟಬೇಕಾಗಿಲ್ಲ.

ಹಗಲು ಹೊತ್ತಿಗೆ ಅಲ್ಲೇ ಇರುವ Strict ಇಟ್ಟುಕೊಳ್ಳಿ. ಅನುಮಾನ ಬಂದ ಕಾಮೆಂಟ್‌ಗಳನ್ನು ಅದು ಪಕ್ಕಕ್ಕೆ ತೆಗೆದಿಡುತ್ತದೆ. Hold all ನೋಡಲು ಭದ್ರ ಅನಿಸುತ್ತದೆ, ಆದರೆ ಆಮೇಲೆ ಪ್ರತಿಯೊಂದಕ್ಕೂ ನೀವೇ ಒಪ್ಪಿಗೆ ಕೊಡುತ್ತಾ ಕೂರಬೇಕು. ಸಾವಿರಗಟ್ಟಲೆ ಬರುವಾಗ ಅದು ಆಗುವ ಮಾತಲ್ಲ. ತಡೆಹಿಡಿದ ಕಾಮೆಂಟ್‌ಗಳು 60 ದಿನ ತನಕ ಅಲ್ಲಿ ಇರುತ್ತವೆ, ಹಾಗಾಗಿ ಇವತ್ತೇ ಎಲ್ಲ ನೋಡಿ ಮುಗಿಸುವ ಅವಸರ ಬೇಡ.

ಈಗ ಆ ಮೋಸದ ರಿಪ್ಲೈ ವಿಷಯ. ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಅವರು ಹೊಸ ಕಾಮೆಂಟ್ ಹಾಕುವುದಿಲ್ಲ, ಬೇರೆಯವರ ಕಾಮೆಂಟ್ ಕೆಳಗೆ ರಿಪ್ಲೈ ಹಾಕುತ್ತಾರೆ. ರಿಪ್ಲೈಗಳು ಮಡಚಿಕೊಂಡಿರುವುದರಿಂದ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಕಾಮೆಂಟ್ ಹಾಕಿದವರ ಫೋನ್‌ಗೆ ನೋಟಿಫಿಕೇಶನ್ ನೇರವಾಗಿ ಹೋಗುತ್ತದೆ, ಅದರಲ್ಲಿ ನಿಮ್ಮ ಫೋಟೋ ಕಾಣುತ್ತದೆ. ಆಗ ತಾನೇ ನಿಮ್ಮನ್ನು ಹೊಗಳಿ ಬರೆದವರು ‘ಅರೆ, ಇವರೇ ಉತ್ತರ ಕೊಟ್ಟರಲ್ಲ’ ಎಂದು ಖುಷಿಯಾಗುತ್ತಾರೆ. ಅನುಮಾನ ಪಡುವ ಮನಸ್ಸೇ ಆಗ ಇರುವುದಿಲ್ಲ.

ಫೋಟೋ ಕದಿಯಬಹುದು, ಹೆಸರನ್ನೂ ಕದಿಯಬಹುದು. @ ಗುರುತಿನ ಹ್ಯಾಂಡಲ್ ಮಾತ್ರ ಒಂದೇ ಅಕ್ಷರದಷ್ಟಾದರೂ ಬೇರೆ ಇರಲೇಬೇಕು, ಏಕೆಂದರೆ ಒಂದು ಹ್ಯಾಂಡಲ್ ಒಬ್ಬರಿಗೇ ಸಿಗುವುದು. ಅದಕ್ಕೇ ಅವರು o ಜಾಗದಲ್ಲಿ 0 ಹಾಕುತ್ತಾರೆ, ನಡುವೆ ಒಂದು ಅಡ್ಡಗೆರೆ ಸೇರಿಸುತ್ತಾರೆ. ಇನ್ನೊಂದು ಗುರುತು: ನಿಮ್ಮ ವಿಡಿಯೋದಲ್ಲಿ ನೀವೇ ಕಾಮೆಂಟ್ ಹಾಕಿದರೆ ನಿಮ್ಮ ಹೆಸರಿನ ಹಿಂದೆ ಬಣ್ಣದ ಪಟ್ಟಿ ಬರುತ್ತದೆ. ನಕಲಿಗೆ ಅದು ಬರುವುದಿಲ್ಲ. ಆ ಖಾತೆ ತೆರೆದು ನೋಡಿದರೆ ಸಾಮಾನ್ಯವಾಗಿ ಒಂದೂ ವಿಡಿಯೋ ಇರುವುದಿಲ್ಲ.

ಒಂದೊಂದನ್ನೇ ಅಟ್ಟಿಸಿಕೊಂಡು ಹೋಗಿ ಅಳಿಸುವುದು ಸೋಲುವ ಆಟ. ಮೊದಲು ಬಾಗಿಲು ಭದ್ರ ಮಾಡಿ. ಸ್ಟುಡಿಯೋ ಸೆಟ್ಟಿಂಗ್ಸ್‌ನಲ್ಲಿ Blocked words ಎಂಬ ಜಾಗ ಇದೆ. ಅಲ್ಲಿ ಹಾಕಿದ ಪದ ಇರುವ ಹೊಸ ಕಾಮೆಂಟ್ ಮತ್ತು ರಿಪ್ಲೈ ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಕಾಣುವುದಿಲ್ಲ. ನಿಮ್ಮ ವಿಷಯಕ್ಕೆ ಇಷ್ಟರಿಂದ ಶುರು ಮಾಡಬಹುದು:

```
telegram, t.me, whatsapp, giveaway, ಟೆಲಿಗ್ರಾಮ್, ಬಹುಮಾನ, ಗೆದ್ದಿದ್ದೀರಿ
```

ಪದ ಆರಿಸುವಾಗ ಸ್ವಲ್ಪ ಯೋಚಿಸಿ. ‘ನಂಬರ್’ ಎಂದು ಹಾಕಿದರೆ ‘ಯಾವ ನಂಬರ್ ಸ್ಪ್ಯಾನರ್ ಬೇಕು?’ ಎಂದು ಕೇಳಿದವರೂ ಒಳಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಪಕ್ಕದಲ್ಲೇ Block links ಇದೆ, ಅದನ್ನೂ ಆನ್ ಮಾಡಿ. ಆದರೆ ಬರೀ ಅದನ್ನೇ ನಂಬಿ ಕೂರಬೇಡಿ. ಲಿಂಕ್ ಹಾಕದೆಯೇ ಮೋಸ ಮಾಡುವವರು ಜಾಸ್ತಿ. ‘t e l e g r a m’ ಎಂದು ಬಿಡಿಸಿ ಬರೆಯುತ್ತಾರೆ, ಅಂಕಿಗಳನ್ನು ಇಮೋಜಿಯಲ್ಲಿ ಹಾಕುತ್ತಾರೆ. ಹೊಸ ಬಗೆ ಕಂಡಾಗಲೆಲ್ಲ ಅವರು ಬರೆದಂತೆಯೇ ಕಾಪಿ ಮಾಡಿ ಪಟ್ಟಿಗೆ ಸೇರಿಸಿ.

ಈ ಪಟ್ಟಿ ಮುಂದೆ ಬರುವುದನ್ನು ತಡೆಯಲಿಕ್ಕೆ. ಹಿಂದೆ ಬಂದಿರುವುದನ್ನು ನೀವೇ ತೆಗೆಯಬೇಕು. ಸ್ಟುಡಿಯೋದ ಕಾಮೆಂಟ್ ಪುಟದಲ್ಲಿ ‘telegram’ ಎಂದು ಹುಡುಕಿ. ಸಿಕ್ಕಿದ್ದನ್ನು ಬರೀ ಡಿಲೀಟ್ ಮಾಡಿದರೆ ಒಂದು ರಿಪ್ಲೈ ಹೋಗುತ್ತದೆ, ಖಾತೆ ಅಲ್ಲೇ ಇರುತ್ತದೆ. ಹಾಗಾಗಿ ಮೊದಲು ರಿಪೋರ್ಟ್ ಮಾಡಿ, ನಂತರ Hide user from channel ಒತ್ತಿ. ಆಗ ಆ ಖಾತೆಯ ಕಾಮೆಂಟ್‌ಗಳು ನಿಮ್ಮ ಚಾನೆಲ್‌ನಲ್ಲಿ ಯಾರಿಗೂ ಕಾಣುವುದಿಲ್ಲ. ಅವರಿಗೆ ಇದರ ಸೂಚನೆಯೂ ಹೋಗುವುದಿಲ್ಲ. ನಿಮ್ಮ ಫೋಟೋ ಮತ್ತು ಹೆಸರು ಎರಡನ್ನೂ ಹಾಕಿಕೊಂಡವರ ಚಾನೆಲ್ ಪುಟಕ್ಕೇ ಹೋಗಿ, ಬೇರೆಯವರಂತೆ ನಟಿಸುತ್ತಿದ್ದಾರೆ ಎಂದು ದೂರು ಕೊಡಿ.

ಇನ್ನು ಪಿನ್ ಮಾಡುವ ಕಾಮೆಂಟ್. ಒಂದು ವಿಡಿಯೋಗೆ ಒಂದನ್ನೇ ಪಿನ್ ಮಾಡಲು ಆಗುವುದು, ಅದರಲ್ಲಿ ಎರಡು ಕೆಲಸ ಮುಗಿಸಿ. ಹೀಗೆ ಬರೆಯಬಹುದು: ‘ನಾನು ಯಾವ ಬಹುಮಾನವನ್ನೂ ಕೊಡುತ್ತಿಲ್ಲ. ಟೆಲಿಗ್ರಾಮ್‌ಗೆ ಕರೆಯುವುದೂ ಇಲ್ಲ, ಹಣ ಕೇಳುವುದೂ ಇಲ್ಲ. ಹಾಗೆ ಕೇಳಿದವರು ನಾನಲ್ಲ.’ ಅದರ ಕೆಳಗೆ ಪದೇ ಪದೇ ಬರುವ ಎರಡು ಮೂರು ಪ್ರಶ್ನೆಗಳಿಗೆ ಉತ್ತರ ಹಾಕಿ. ಕಾಮೆಂಟ್‌ಗಳ ಹೊರೆ ಇಳಿಸಲು ಇದು ಒಳ್ಳೆಯ ದಾರಿ, ಏಕೆಂದರೆ ಇಂಥ ವಿಡಿಯೋಗೆ ಬರುವ ಪ್ರಶ್ನೆಗಳು ನೂರು ಬಗೆಯವಲ್ಲ, ಒಂದೇ ಪ್ರಶ್ನೆ ನೂರು ಸಲ ಬಂದಿರುತ್ತದೆ. ಸ್ಟುಡಿಯೋದಲ್ಲಿ ಪ್ರಶ್ನೆ ಇರುವ ಕಾಮೆಂಟ್‌ಗಳನ್ನು ಮಾತ್ರ ತೋರಿಸುವ ಫಿಲ್ಟರ್ ಕೂಡ ಇದೆ. ಅಷ್ಟು ನೋಡಿದರೆ ಸಾಕು. ಎಲ್ಲರಿಗೂ ಉತ್ತರ ಕೊಡಲೇಬೇಕು ಅಂತೇನೂ ಇಲ್ಲ ಅಲ್ವಾ? ಯಾರಾದರೂ ಆಪ್ತರು ಸಹಾಯಕ್ಕೆ ಬಂದರೆ ಅವರನ್ನು ಮಾಡರೇಟರ್ ಆಗಿ ಸೇರಿಸಿ. ಪಾಸ್‌ವರ್ಡ್ ಮಾತ್ರ ಕೊಡಬೇಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಇನ್ನು ನಿಮ್ಮ ಇಮೇಲ್‌ಗೆ ಜಾಹೀರಾತು ಕೊಡುತ್ತೇವೆ ಎನ್ನುವವರು ಬರುತ್ತಾರೆ. ಅದರಲ್ಲಿ ‘ಒಪ್ಪಂದ’ ಎಂದು ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಇದ್ದರೆ ತೆರೆಯಲೇಬೇಡಿ. ಪಾಸ್‌ವರ್ಡ್ ಹಾಕುವುದೇ ವೈರಸ್ ಪತ್ತೆಮಾಡುವ ಸಾಫ್ಟ್‌ವೇರ್ ಒಳಗೆ ನೋಡದಿರಲಿ ಎಂದು. ಒಳಗಿರುವ ಪ್ರೋಗ್ರಾಂ ನಿಮ್ಮ ಬ್ರೌಸರ್‌ನ ಕುಕೀಗಳನ್ನು ಕದಿಯುತ್ತದೆ. ನೀವು ಲಾಗಿನ್ ಆಗಿರುವ ಗುರುತು ಅದರಲ್ಲೇ ಇರುವುದರಿಂದ ಎರಡು ಹಂತದ ಭದ್ರತೆ ಇದ್ದರೂ ಚಾನೆಲ್ ಕೈತಪ್ಪಬಹುದು. ಯೂಟ್ಯೂಬರ್‌ಗಳ ಮೇಲೆ ಇಂಥ ದಾಳಿ ನಡೆಯುತ್ತಿದೆ ಎಂದು 2021ರಲ್ಲೇ ಗೂಗಲ್ ವಿವರವಾಗಿ ತಿಳಿಸಿತ್ತು. ‘ನಿಮ್ಮ ವಿಡಿಯೋಗೆ ಕಾಪಿರೈಟ್ ಸ್ಟ್ರೈಕ್ ಬಂದಿದೆ’ ಎಂಬ ಮೇಲ್ ಬಂದರೂ ಅದರ ಲಿಂಕ್ ಒತ್ತಬೇಡಿ. ನೀವೇ ಸ್ಟುಡಿಯೋ ತೆರೆದು ನೋಡಿ. ನಿಜವಾದ ಸ್ಟ್ರೈಕ್ ಅಲ್ಲಿ ಕಾಣಿಸುತ್ತದೆ.

ಹಣ ಕಳಿಸಿದವರಿಗೆ ಇವತ್ತೇ ರಿಪ್ಲೈ ಮಾಡಿ. ತಕ್ಷಣ ಬ್ಯಾಂಕ್‌ಗೆ ಫೋನ್ ಮಾಡಿ, ಸೈಬರ್ ಪೊಲೀಸರಿಗೆ ದೂರು ಕೊಡಲು ಹೇಳಿ. ಟೆಲಿಗ್ರಾಮ್ ಚಾಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಲಿ. ಹಣ ಕಳೆದುಕೊಂಡೆ ಎಂದು ಅವರು ಕಾಮೆಂಟ್‌ನಲ್ಲಿ ಬರೆದಿದ್ದರೆ, ಅದರ ಕೆಳಗೂ ಒಂದು ಕಣ್ಣಿಡಿ. ‘ಇಂಥವರು ನನ್ನ ಹಣ ವಾಪಸ್ ಕೊಡಿಸಿದರು, ನೀವೂ ಸಂಪರ್ಕಿಸಿ’ ಎಂಬ ರಿಪ್ಲೈಗಳು ಬರುತ್ತವೆ. ಇದು ಅದೇ ಜನರ ಎರಡನೇ ಸುತ್ತು ಇರಬಹುದು, ಬೇರೆ ಗುಂಪೂ ಇರಬಹುದು. ಅವರು ಕೊಡುವ ಹೆಸರನ್ನೂ ನಿಮ್ಮ ಪಟ್ಟಿಗೆ ಸೇರಿಸಿ.