ಹುಲಿಕಲ್ ಘಾಟಿ ತಿರುವಲ್ಲಿ ಬಸ್ಸು ಬಲಕ್ಕೆ ಸರಿದಾಗ ಎಡಗಡೆ ಜಾಗ ಇರುತ್ತಲ್ಲ, ಬೈಕ್ ನುಗ್ಗಿಸಬಹುದಾ?

ಬೇಡ. ಆ ಜಾಗ ಬಸ್ಸಿನ ಹಿಂದಿನ ಚಕ್ರದ್ದು. ತಿರುಗುವಾಗ ಅದು ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆ ಕತ್ತರಿಸಿಕೊಂಡು ಬರುತ್ತದೆ. ಎರಡು ಚಕ್ರಗಳ ನಡುವೆ 6 ಮೀಟರ್ ಅಂತರವಿರುವ ಬಸ್ಸು 12 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನ ಚಕ್ರ ಸುಮಾರು 1.6 ಮೀಟರ್ ಒಳಗೆ ಸರಿಯುತ್ತದೆ. ಬೈಕ್ ಹ್ಯಾಂಡಲ್ ಅಗಲದ ಎರಡರಷ್ಟು! ಅದಕ್ಕೇ ಡ್ರೈವರ್ ಮೊದಲು ಬಲಕ್ಕೆ ಎಳೆದು, ಆಮೇಲೆ ಎಡಕ್ಕೆ ತಿರುಗಿಸುವುದು.

ನುಗ್ಗಿದ ಕೂಡಲೇ ದಾರಿ ಧಾರಾಳ ಅನ್ನಿಸುತ್ತದೆ. ನಾನೂ ಒಮ್ಮೆ ಮಳೆಗಾಲದಲ್ಲಿ ಹಾಗೇ ನುಗ್ಗಿದ್ದೆ. ನೋಡನೋಡುತ್ತ ಬಲಗಡೆಯಿಂದ ಬಸ್ಸಿನ ತಗಡು ಹತ್ತಿರ ಬಂತು, ಎಡಗಡೆ ಪಾಚಿಗಟ್ಟಿದ ಚರಂಡಿ. ಚರಂಡಿಗೇ ಇಳಿದು ಬದುಕಿದೆ. ಡ್ರೈವರಿಗೆ ನಾನು ಕಂಡೇ ಇರಲಿಲ್ಲ. ಅವರು ಕೂರುವುದು ಬಲಕ್ಕೆ, ಎಡ ಮೂಲೆಯ ಕೆಳಗೆ ಏನಿದೆ ಅನ್ನುವುದು ಕಿಟಕಿಯಲ್ಲೂ ಸಿಗದು, ಕನ್ನಡಿಯಲ್ಲೂ ಸಿಗದು.

ಬಸ್ಸಿನ ಕನ್ನಡಿಯಲ್ಲಿ ಡ್ರೈವರ್ ಮುಖ ಕಾಣುವಷ್ಟು ಹಿಂದೆ ಇರಿ, ತಿರುವು ಪೂರ್ತಿ ಮುಗಿಯಲಿ.

ಇಳಿಜಾರಿನಲ್ಲಿ ಲೋಡ್ ಲಾರಿಯ ಮುಂದೆ ತೂರಿ ಬ್ರೇಕ್ ಒತ್ತುವುದೂ ಬೇಡ. ಏರ್ ಬ್ರೇಕ್ ಹಿಡಿಯಲು ಅರ್ಧ ಸೆಕೆಂಡಿನಷ್ಟು ಬೇಕು. ಗಂಟೆಗೆ 36 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಲಾರಿ 5 ಮೀಟರ್ ಮುಂದೆ ಬಂದಿರುತ್ತದೆ.