ಹಳೇ ಸ್ಟಾಕ್ ಮುಂದಿಟ್ಟರೂ ಎಕ್ಸ್‌ಪೈರಿ ಯಾಕೆ ಆಗುತ್ತೆ?

ಪ್ರಶ್ನೆ: ಹೊಸದಾಗಿ ಮೆಡಿಕಲ್ ಶಾಪ್ ಹಾಕಿದ್ದೇನೆ. ಹೊಸ ಮಾಲು ಹಿಂದೆ, ಹಳೇದು ಮುಂದೆ ಅಂತ ಜೋಡಿಸ್ತೀನಿ. ಆದರೂ ಮಾತ್ರೆಗಳು ಎಕ್ಸ್‌ಪೈರಿ ಆಗಿ ಉಳೀತಿವೆ. ಎಲ್ಲಿ ತಪ್ಪುತ್ತಿದೆ?

ಹಳೇದು ಅನ್ನುವುದನ್ನು ನೀವು ಅಂಗಡಿಗೆ ಬಂದ ದಿನದಿಂದ ಲೆಕ್ಕ ಹಾಕುತ್ತಿದ್ದೀರಿ ಅನ್ನಿಸುತ್ತದೆ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ನಿನ್ನೆ ಬಂದ ಬಾಕ್ಸ್‌ನ ಎಕ್ಸ್‌ಪೈರಿ ಹೋದ ತಿಂಗಳು ಬಂದದ್ದಕ್ಕಿಂತ ಮೊದಲೇ ಇರಬಹುದು. ಡಿಸ್ಟ್ರಿಬ್ಯೂಟರ್ ಗೋಡೌನ್‌ನಲ್ಲಿ ಯಾವ ಬ್ಯಾಚ್ ಕೈಗೆ ಸಿಕ್ಕಿತೋ ಅದು ನಮಗೆ ಬರುತ್ತದೆ. ಇಷ್ಟು ಕೊಂಡರೆ ಇಷ್ಟು ಫ್ರೀ ಅನ್ನುವ ಸ್ಕೀಮ್‌ನಲ್ಲಿ ಬರುವ ಮಾಲಿನಲ್ಲಂತೂ ಇದು ಜಾಸ್ತಿ.

ನನಗೆ ಪಾಠ ಕಲಿಸಿದ್ದು ಒಂದು ಗ್ಯಾಸ್ಟ್ರಿಕ್ ಮಾತ್ರೆ. 2024ರ ಜನವರಿ ಮೊದಲಲ್ಲಿ ರ‍್ಯಾಕ್‌ನಲ್ಲಿ 40 ಸ್ಟ್ರಿಪ್ ಇತ್ತು, ಎಕ್ಸ್‌ಪೈರಿ 03/2025. ಸ್ಕೀಮ್ ಆಸೆಗೆ ಇನ್ನೂ 30 ತರಿಸಿದೆ. ಅದರ ಎಕ್ಸ್‌ಪೈರಿ 10/2024. ನೋಡದೆ ಹಿಂದೆ ತಳ್ಳಿದೆ. ತಿಂಗಳಿಗೆ ಹೋಗುತ್ತಿದ್ದದ್ದು 5 ಸ್ಟ್ರಿಪ್. ಮುಂದೆ ಇದ್ದ 40 ಖಾಲಿಯಾಗುವಾಗ ಆಗಸ್ಟ್ ಮುಗಿದಿತ್ತು. ಆಮೇಲೆ ಎರಡು ತಿಂಗಳಲ್ಲಿ 10 ಹೋಯಿತು, 20 ಸ್ಟ್ರಿಪ್ ಕೈಯಲ್ಲೇ ಸತ್ತಿತು. ಹೊಸದನ್ನೇ ಮುಂದೆ ಇಟ್ಟಿದ್ದರೆ ಆ 30 ಜೂನ್ ಕೊನೆಗೆ ಮುಗಿಯುತ್ತಿತ್ತು, ಉಳಿದ 40 ಫೆಬ್ರವರಿಗೆ. ಒಂದು ಸ್ಟ್ರಿಪ್ಪೂ ಹಾಳಾಗುತ್ತಿರಲಿಲ್ಲ.

ಈಗ ಮಾಲು ಬಂದಾಗ ಬಿಲ್‌ನಲ್ಲಿರುವ ಬ್ಯಾಚ್, ಎಕ್ಸ್‌ಪೈರಿಯನ್ನು ಬಾಕ್ಸ್ ಮೇಲಿನದರ ಜೊತೆ ತಾಳೆ ನೋಡುತ್ತೇನೆ. ಮಾರ್ಕರ್‌ನಲ್ಲಿ ಬಾಕ್ಸ್‌ನ ಮುಂದಿನ ಮುಖಕ್ಕೆ ದೊಡ್ಡದಾಗಿ 10/24 ಅಂತ ಬರೆಯುತ್ತೇನೆ. ಆಮೇಲೆ ರ‍್ಯಾಕ್‌ನಲ್ಲಿರುವುದನ್ನೂ ನೋಡಿ, ಬೇಗ ಎಕ್ಸ್‌ಪೈರಿ ಆಗುವುದನ್ನು ಮುಂದಿಡುತ್ತೇನೆ. ಅಂದ ಹಾಗೆ, 10/2024 ಅಂದರೆ ಅಕ್ಟೋಬರ್ ಕೊನೆಯ ದಿನದವರೆಗೆ.

ಇಷ್ಟು ಮಾಡಿದರೂ ಕೆಡುವುದು ಬಿಡಿ ಮಾತ್ರೆಯಲ್ಲಿ. ಎಷ್ಟೋ ಸ್ಟ್ರಿಪ್‌ಗಳಲ್ಲಿ ತಾರೀಖು ಒಂದೇ ತುದಿಯಲ್ಲಿ ಇರುತ್ತದೆ. ಹುಡುಗರು ಆ ಕಡೆಯಿಂದಲೇ ಕತ್ತರಿಸಿ ಕೊಟ್ಟರೆ ಉಳಿದ ತುಂಡು ಯಾವ ಬ್ಯಾಚ್‌ನದು ಅಂತ ದೇವರಿಗೂ ಗೊತ್ತಾಗಲ್ಲ. ಇನ್ನೊಂದು ತುದಿಯಿಂದ ಕತ್ತರಿಸಿ, ತುಂಡನ್ನು ಅದೇ ಬಾಕ್ಸ್‌ನ ಮುಂದೆ ಇಡಲು ಹೇಳಿ. ಬಿಲ್ ಹಾಕುವಾಗ ಕಂಪ್ಯೂಟರ್ ತೋರಿಸುವ ಬ್ಯಾಚ್ ಕೈಯಲ್ಲಿರುವ ಸ್ಟ್ರಿಪ್‌ನದೇ ಆಗಿರಬೇಕು. ಇಲ್ಲದಿದ್ದರೆ ತಿಂಗಳ ಕೊನೆಗೆ ತೆಗೆಯುವ ಎಕ್ಸ್‌ಪೈರಿ ಲಿಸ್ಟ್ ಸುಮ್ನೆ ಕಾಗದ.

ಒಂದು ಕಡೆ ಮಾತ್ರ ಈ ಕ್ರಮ ಮುರಿಯುತ್ತೇನೆ. ಬಿಪಿ, ಶುಗರ್ ಇರುವವರು ಮೂರು ತಿಂಗಳ ಮಾತ್ರೆ ಒಟ್ಟಿಗೆ ಒಯ್ಯುತ್ತಾರೆ. ಅವರಿಗೆ ಎರಡೇ ತಿಂಗಳು ಉಳಿದಿರುವ ಸ್ಟ್ರಿಪ್ ಕೊಟ್ಟರೆ ಮೂರನೇ ತಿಂಗಳು ಎಕ್ಸ್‌ಪೈರಿ ಆದದ್ದನ್ನು ನುಂಗಬೇಕಾಗುತ್ತದೆ ಅಲ್ವಾ? ಹಿಂದಿನ ಬಾಕ್ಸ್‌ನಿಂದ ತೆಗೆದು ಕೊಡುತ್ತೇನೆ. ಮುಂದೆ ಇರುವುದು ಐದು ದಿನಕ್ಕೆ ಕೇಳುವವರಿಗೆ ಹೋಗುತ್ತದೆ. ಎಕ್ಸ್‌ಪೈರಿ ಮೂರು ತಿಂಗಳೊಳಗೆ ಬಂದು ನಿಂತದ್ದನ್ನು ಬೇರೆ ಟ್ರೇಗೆ ಹಾಕಿ, ವಾಪಸ್ ತಗೊಳ್ಳುತ್ತೀರಾ ಅಂತ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡುತ್ತೇನೆ. ಎಲ್ಲರೂ ತಗೊಳ್ಳಲ್ಲ, ಮಾಲು ತರಿಸುವಾಗಲೇ ಕೇಳಿಟ್ಟುಕೊಳ್ಳಿ.